ಎಂಜಿನ್ ಆಫ್ ಮಾಡಿದರೆ ಲಾಭ ಎಷ್ಟನೇ ಸೆಕೆಂಡಿನಿಂದ?

ರೈಲ್ವೆ ಗೇಟ್ ಬಿದ್ದಾಗ ಎರಡು ಬಗೆಯ ಚಾಲಕರು ಕಾಣಸಿಗುತ್ತಾರೆ. ಆಟೋದವರು ಗೇಟು ಅರ್ಧ ಇಳಿಯುವಷ್ಟರಲ್ಲಿ ಎಂಜಿನ್ ಆಫ್ ಮಾಡಿ ಕೆಳಗಿಳಿದಿರುತ್ತಾರೆ. ಕಾರಿನವರಲ್ಲಿ ಅನೇಕರು ರೈಲು ಹೋಗುವ ತನಕ ಎಂಜಿನ್ ಓಡಿಸುತ್ತಲೇ ಕೂತಿರುತ್ತಾರೆ. ಯಾಕೆ ಆಫ್ ಮಾಡಲಿಲ್ಲ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: “ಮತ್ತೆ ಸ್ಟಾರ್ಟ್ ಮಾಡೋಕೆ ಅದಕ್ಕಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತೆ.”

ಈ ನಂಬಿಕೆ ಎಲ್ಲಿಂದಲೋ ಹುಟ್ಟಿದ್ದಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಲ್ಲಿ ಸಾಕಷ್ಟು ಸತ್ಯವಿತ್ತು. ಬೆಳಗ್ಗೆ ಚೋಕ್ ಎಳೆದು, ಆಕ್ಸಿಲರೇಟರ್ ನಾಲ್ಕು ಸಲ ತುಳಿದು, ಸೆಲ್ಫ್ ಹೊಡೆದು, ಹಿಡಿಯದಿದ್ದರೆ ಮತ್ತೆ ಹೊಡೆದು, ಹಿಡಿದ ಮೇಲೆ ನಿಂತುಹೋಗದಂತೆ ಒಂದಿಷ್ಟು ರೇಸ್ ಕೊಟ್ಟು ಗಾಡಿ ಎಬ್ಬಿಸಿದವರಿಗೆ ಪ್ರತಿ ಸ್ಟಾರ್ಟೂ ದುಬಾರಿಯೇ. ಆಕ್ಸಿಲರೇಟರ್ ತುಳಿದಾಗಲೆಲ್ಲ ಕಾರ್ಬ್ಯುರೇಟರ್‌ನೊಳಗಿನ ಪುಟ್ಟ ಪಂಪು ಪೆಟ್ರೋಲನ್ನು ನೇರವಾಗಿ ಒಳಗೆ ಚಿಮ್ಮಿಸುತ್ತಿತ್ತು. ಉರಿಯದೆ ಹೊಗೆಯಾಗಿ ಹೋಗುತ್ತಿದ್ದುದೇ ಹೆಚ್ಚು. ಆ ವ್ಯವಸ್ಥೆ ಈಗ ಇಲ್ಲ. ಕಾರುಗಳಿಗೆ ಫ್ಯುಯಲ್ ಇಂಜೆಕ್ಷನ್ ಬಂದು ಎರಡು ದಶಕ ಕಳೆದಿವೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಹೊಸ ಸ್ಕೂಟರು, ಬೈಕುಗಳಲ್ಲೂ ಕಾರ್ಬ್ಯುರೇಟರ್ ಬಹುತೇಕ ಮಾಯವಾಗಿದೆ. ಈಗ ಸ್ಟಾರ್ಟ್ ಮಾಡುವಾಗ ಎಷ್ಟು ಪೆಟ್ರೋಲ್ ಬಿಡಬೇಕೆಂದು ತೀರ್ಮಾನಿಸುವುದು ನಮ್ಮ ಪಾದವಲ್ಲ, ಎಂಜಿನ್ನಿನ ಕಂಪ್ಯೂಟರು. ನಂಬಿಕೆ ಮಾತ್ರ ಹಳೆಯ ಗಾಡಿಯಿಂದ ಇಳಿದು ಹೊಸ ಗಾಡಿ ಹತ್ತಿದೆ.

ಹಾಗಾದರೆ ಈಗಿನ ಲೆಕ್ಕ ಏನು? ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಇದನ್ನು ಅಳೆದು ನೋಡಿದೆ. ಬಿಸಿಯಾಗಿರುವ ಎಂಜಿನ್ನನ್ನು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವ ಇಂಧನ, ಅದೇ ಎಂಜಿನ್ ನಿಂತಲ್ಲೇ ಸುಮಾರು 10 ಸೆಕೆಂಡ್ ಓಡಿದರೆ ಖರ್ಚಾಗುವಷ್ಟು ಎಂಬುದು ಅಲ್ಲಿ ಸಿಕ್ಕ ಉತ್ತರ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡುವುದೇ ಅಗ್ಗ. ಈ ಅಂಕಿ ಹೇಗೆ ಬರುತ್ತದೆ ಎಂಬುದನ್ನು ನಾವೇ ಒಮ್ಮೆ ಕೂಡಿ ಕಳೆದು ನೋಡಬಹುದು. ಹಾಗೆ ನೋಡಿದಾಗ ಹತ್ತರ ಅಂಕಿಗಿಂತ ಮುಖ್ಯವಾದ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ.

ಮೊದಲು ನಿಂತು ಓಡುವ ಎಂಜಿನ್ನಿನ ಖರ್ಚು. ನ್ಯೂಟ್ರಲ್‌ನಲ್ಲಿ ಬಿಟ್ಟ ಎಂಜಿನ್ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತಿರುತ್ತದೆ. ಗಾಡಿ ಒಂದು ಅಡಿಯೂ ಮುಂದೆ ಹೋಗುವುದಿಲ್ಲ. ಆದರೂ ಪಿಸ್ಟನ್‌ಗಳ ತಿಕ್ಕಾಟ ಮೀರಬೇಕು, ಆಯಿಲ್ ಪಂಪು ತಿರುಗಬೇಕು, ಆಲ್ಟರ್ನೇಟರ್ ಕರೆಂಟು ಕೊಡಬೇಕು, ಬಹುತೇಕ ಮುಚ್ಚಿದ ಥ್ರಾಟಲ್ಲಿನ ಸಂದಿಯಿಂದ ಎಂಜಿನ್ ಗಾಳಿಯನ್ನು ಎಳೆದುಕೊಳ್ಳಬೇಕು. ಇದಕ್ಕೆಲ್ಲ ಸಾಮಾನ್ಯ ಪೆಟ್ರೋಲ್ ಕಾರಿಗೆ ಎಸಿ ಇಲ್ಲದೆ ಗಂಟೆಗೆ ಸುಮಾರು 0.6 ಲೀಟರ್ ಬೇಕು. ಸೆಕೆಂಡಿಗೆ ಇಳಿಸಿದರೆ 0.17 ಮಿಲಿಲೀಟರ್. ಎಸಿ ಹಾಕಿದರೆ ಕಂಪ್ರೆಸರ್‌ನ ಭಾರವೂ ಎಂಜಿನ್ ಮೇಲೆ ಬಿದ್ದು ಈ ಲೆಕ್ಕ ಗಂಟೆಗೆ ಒಂದು ಲೀಟರಿನ ಹತ್ತಿರ ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಲು ಸಾಧ್ಯ. ಈಗಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೆ ಒಬಿಡಿ ಎಂಬ ಸಾಕೆಟ್ ಇರುತ್ತದೆ. ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚುವುದು ಅಲ್ಲಿಗೇ. ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ರೀಡರನ್ನು ಅಲ್ಲಿ ಸಿಕ್ಕಿಸಿ ಮೊಬೈಲಿನಲ್ಲಿ ನೋಡಿದರೆ ಗಂಟೆಗೆ ಎಷ್ಟು ಲೀಟರ್ ಲೆಕ್ಕದಲ್ಲಿ ಇಂಧನ ಹೋಗುತ್ತಿದೆ ಎಂದು ಕಾಣುತ್ತದೆ. ಗೇಟಿನ ಬಳಿ ನಿಂತಾಗ ನನ್ನ ಕಾರಿನಲ್ಲಿ ಅದು 0.6ರ ಆಚೀಚೆ ತೂಗಾಡುತ್ತಿರುತ್ತದೆ. ಎಸಿ ಬಟನ್ ಒತ್ತಿದ ತಕ್ಷಣ ಅಂಕಿ ಎಗರಿ 1ರ ಹತ್ತಿರ ಹೋಗುತ್ತದೆ. ಒಳಗೆ ತಂಪಾಗಿ ಕಂಪ್ರೆಸರ್ ಕಟ್ ಆದಾಗ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ರೇಡಿಯೇಟರ್ ಫ್ಯಾನು ಹತ್ತಿಕೊಂಡರೆ ಇನ್ನೊಂದು ಚೂರು ಮೇಲೆ. ನಿಂತ ಕಾರು ಏನೂ ಮಾಡುತ್ತಿಲ್ಲ ಎಂದು ನಮಗೆ ಅನಿಸುವ ಹೊತ್ತಿನಲ್ಲಿ ಅದರ ಟ್ಯಾಂಕು ಖಾಲಿಯಾಗುತ್ತಿರುವುದು ಆ ಪುಟ್ಟ ಅಂಕಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಸ್ಟಾರ್ಟ್ ಮಾಡುವ ಖರ್ಚು. ಅದರಲ್ಲಿ ಎರಡು ಭಾಗ. ಒಂದು ಬ್ಯಾಟರಿಯಿಂದ ಹೋಗುವ ಕರೆಂಟು, ಇನ್ನೊಂದು ಸ್ಟಾರ್ಟ್ ಆಗುವ ಕ್ಷಣದಲ್ಲಿ ಒಳಗೆ ಬೀಳುವ ಹೆಚ್ಚುವರಿ ಪೆಟ್ರೋಲು.

ಎಲ್ಲರೂ ಹೆದರುವುದು ಮೊದಲನೆಯದಕ್ಕೆ. ಸೆಲ್ಫ್ ಮೋಟರು 150 ಆಂಪಿಯರ್ ಎಳೆಯುತ್ತದೆ ಎಂದು ಕೇಳಿದರೆ ಯಾರಿಗಾದರೂ ದಿಗಿಲಾಗುತ್ತದೆ. ಆದರೆ ಬಿಸಿ ಎಂಜಿನ್ ಹಿಡಿಯಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ಹತ್ತು ವೋಲ್ಟಿನಲ್ಲಿ 150 ಆಂಪಿಯರ್ ಎಂದರೆ 1,500 ವ್ಯಾಟ್. ಮುಕ್ಕಾಲು ಸೆಕೆಂಡಿಗೂ ಕಡಿಮೆ ಅವಧಿಗೆ ಅದು ಸುಮಾರು ಸಾವಿರ ಜೂಲ್ ಶಕ್ತಿ. ಇದನ್ನು ಬ್ಯಾಟರಿಗೆ ವಾಪಸ್ ತುಂಬಬೇಕಲ್ಲ, ಅದಕ್ಕೆ ಪೆಟ್ರೋಲ್ ಉರಿಯಬೇಕು. ಎಂಜಿನ್‌ನಲ್ಲಿ ಒಂದಿಷ್ಟು, ಆಲ್ಟರ್ನೇಟರ್‌ನಲ್ಲಿ ಒಂದಿಷ್ಟು, ಬ್ಯಾಟರಿಯಲ್ಲೇ ಒಂದಿಷ್ಟು ಸೋರಿ, ಉರಿದ ಇಂಧನದ ಎಂಟನೇ ಒಂದು ಭಾಗ ಮಾತ್ರ ಬ್ಯಾಟರಿ ಸೇರುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗಲೂ ಬೇಕಾಗುವುದು ಎಂಟು ಸಾವಿರ ಜೂಲಿನ ಪೆಟ್ರೋಲು. ಒಂದು ಮಿಲಿಲೀಟರ್ ಪೆಟ್ರೋಲಿನಲ್ಲಿ ಸುಮಾರು 32,000 ಜೂಲ್ ಇರುತ್ತದೆ. ಅಂದರೆ ಸೆಲ್ಫ್ ಹೊಡೆದ ಸಾಲ ತೀರಿಸಲು ಬೇಕಾದದ್ದು ಕಾಲು ಮಿಲಿಲೀಟರ್. ಸಿರಿಂಜಿನಿಂದ ಬೀಳುವ ಐದಾರು ಹನಿ. ನಿಂತ ಎಂಜಿನ್ ಅಷ್ಟನ್ನು ಒಂದೂವರೆ ಸೆಕೆಂಡಿನಲ್ಲಿ ಕುಡಿದು ಮುಗಿಸುತ್ತದೆ.

ಎರಡನೆಯ ಭಾಗವೇ ದೊಡ್ಡದು. ನಿಂತಿದ್ದ ಎಂಜಿನ್ ಹಿಡಿಯಬೇಕಾದರೆ ಮೊದಲ ಕೆಲವು ಸುತ್ತಿನಲ್ಲಿ ಕಂಪ್ಯೂಟರು ಮಾಮೂಲಿಗಿಂತ ಹೆಚ್ಚು ಪೆಟ್ರೋಲ್ ಸಿಂಪಡಿಸುತ್ತದೆ, ಯಾಕೆಂದರೆ ಸ್ವಲ್ಪ ಭಾಗ ಒಳಗೋಡೆಗೆ ಅಂಟಿಕೊಂಡು ಆ ಕ್ಷಣಕ್ಕೆ ಉರಿಯಲು ಸಿಗುವುದಿಲ್ಲ. ಹಿಡಿದ ಕೂಡಲೇ ಎಂಜಿನ್ ಸಾವಿರ ಸುತ್ತು ದಾಟಿ ಗುರ್ ಎಂದು ಏರಿ, ಒಂದೆರಡು ಸೆಕೆಂಡಿನಲ್ಲಿ ಮಾಮೂಲಿ ವೇಗಕ್ಕೆ ಇಳಿಯುವುದನ್ನು ನೀವು ಕೇಳಿರುತ್ತೀರಿ. ಆ ಏರಿಳಿತಕ್ಕೆ ಒಟ್ಟು ಒಂದು ಮಿಲಿಲೀಟರ್ ಆಸುಪಾಸು ಹೋಗುತ್ತದೆ ಎಂದುಕೊಂಡರೆ, ಒಂದು ಸ್ಟಾರ್ಟಿನ ಪೂರ್ತಿ ಬೆಲೆ ಸುಮಾರು ಒಂದೂಕಾಲು ಮಿಲಿಲೀಟರ್.

ಇನ್ನೊಂದು ಸಣ್ಣ ಬಾಬತ್ತನ್ನು ಮರೆಯಬಾರದು. ಎಂಜಿನ್ ಆಫ್ ಆದಾಗಲೂ ಬ್ಲೋವರ್, ಹಾಡು, ರಾತ್ರಿಯಾದರೆ ದೀಪ ನಡೆಯುತ್ತಿರುತ್ತವೆ. ಅವು ಬ್ಯಾಟರಿಯಿಂದ ನೂರಿಪ್ಪತ್ತು ವ್ಯಾಟ್ ಎಳೆದರೆ, ಅದನ್ನು ಮುಂದೆ ತುಂಬಿಸಲು ಸೆಕೆಂಡಿಗೆ 0.03 ಮಿಲಿಲೀಟರಿನಷ್ಟು ಬೇಕು. ಹಾಗಾಗಿ ಆಫ್ ಮಾಡಿದ ಪ್ರತಿ ಸೆಕೆಂಡಿಗೂ ನಿಜವಾಗಿ ಉಳಿಯುವುದು 0.17 ಅಲ್ಲ, 0.14ರ ಹತ್ತಿರ. ಈಗ ಒಂದೂಕಾಲನ್ನು 0.14ರಿಂದ ಭಾಗಿಸಿ. ಒಂಬತ್ತು ಬರುತ್ತದೆ. ಪ್ರಯೋಗಾಲಯದವರು ಹೇಳಿದ ಹತ್ತು ಸೆಕೆಂಡಿನ ಪಕ್ಕಕ್ಕೇ ನಮ್ಮ ಲೆಕ್ಕವೂ ಬಂದು ನಿಂತಿತು. ಎಸಿ ಓಡುತ್ತಿದ್ದರೆ ಈ ಗಡಿ ಇನ್ನೂ ಹಿಂದಕ್ಕೆ ಸರಿಯುತ್ತದೆ. ಡೀಸೆಲ್ ಕಾರಿನಲ್ಲಿ ಸ್ವಲ್ಪ ಮುಂದಕ್ಕೆ ಹೋಗುತ್ತದೆ: ಡೀಸೆಲ್ ಎಂಜಿನ್ ನಿಂತಲ್ಲಿ ಕಡಿಮೆ ಕುಡಿಯುತ್ತದೆ, ಅದರ ಒತ್ತಡ ಮೀರಿ ತಿರುಗಿಸಲು ಸೆಲ್ಫ್ ಮೋಟರಿಗೆ ಹೆಚ್ಚು ಬಲವೂ ಬೇಕು.

ಈಗ ಆ ಇನ್ನೊಂದು ಮುಖ್ಯ ವಿಷಯ. ಹತ್ತು ಸೆಕೆಂಡ್ ಎನ್ನುವುದು ಲಾಭದ ಅಂಕಿಯಲ್ಲ, ಲಾಭವೂ ಇಲ್ಲದ ನಷ್ಟವೂ ಇಲ್ಲದ ಜಾಗ. ಸರಿಯಾಗಿ ಹತ್ತು ಸೆಕೆಂಡ್ ಆಫ್ ಮಾಡಿದವರಿಗೂ ಮಾಡದವರಿಗೂ ಪೆಟ್ರೋಲಿನಲ್ಲಿ ವ್ಯತ್ಯಾಸವೇ ಇಲ್ಲ. ಲಾಭ ಶುರುವಾಗುವುದು ಅದರಾಚೆ, ಸೆಕೆಂಡಿಗೆ ಇಷ್ಟಿಷ್ಟೇ. ಇಪ್ಪತ್ತು ಸೆಕೆಂಡಿನ ಸಿಗ್ನಲ್‌ನಲ್ಲಿ ಆಫ್ ಮಾಡಿದರೆ ಉಳಿಯುವುದು ಒಂದೂವರೆ ಮಿಲಿಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಹದಿನೈದು ಪೈಸೆ. ಒಂದು ನಿಮಿಷದ ಸಿಗ್ನಲ್ಲಾದರೆ ಏಳು ಮಿಲಿಲೀಟರ್, ಎಪ್ಪತ್ತು ಪೈಸೆ. ಆರು ನಿಮಿಷ ಬಿದ್ದ ರೈಲ್ವೆ ಗೇಟಿನಲ್ಲಿ ಐವತ್ತು ಮಿಲಿಲೀಟರಿನ ಹತ್ತಿರ, ಐದು ರೂಪಾಯಿ. ಶಾಲೆ ಬಿಡುವ ಹೊತ್ತಿಗೆ ಇಪ್ಪತ್ತು ನಿಮಿಷ ಮೊದಲೇ ಬಂದು ಎಸಿ ಹಾಕಿಕೊಂಡು ಮಗುವಿಗಾಗಿ ಕಾಯುವವರು ಮುನ್ನೂರು ಮಿಲಿಲೀಟರಿಗಿಂತ ಹೆಚ್ಚು ಸುಡುತ್ತಾರೆ. ಸಣ್ಣ ಕಾರು ಅಷ್ಟರಲ್ಲಿ ನಾಲ್ಕೈದು ಕಿಲೋಮೀಟರ್ ಓಡುತ್ತದೆ.

ಆದ್ದರಿಂದ ಎಷ್ಟು ಸೆಕೆಂಡಿಗೆ ಆಫ್ ಮಾಡಬೇಕು ಎಂದು ನನ್ನನ್ನು ಕೇಳಿದರೆ, ಹತ್ತೋ ಹದಿನೈದೋ ಎಂದು ತಲೆ ಕೆಡಿಸಿಕೊಳ್ಳಬೇಡಿ ಎನ್ನುತ್ತೇನೆ. ಅಲ್ಲಿ ಹೋಗುವುದೂ ಬರುವುದೂ ಹನಿಗಳ ಲೆಕ್ಕ. ಉಳಿತಾಯ ಇರುವುದು ಖಚಿತವಾಗಿ ಉದ್ದ ಎಂದು ಗೊತ್ತಿರುವ ನಿಲುಗಡೆಗಳಲ್ಲಿ: ಗೇಟು, ಶಾಲೆಯ ಮುಂದಿನ ಸಾಲು, ಎಟಿಎಂ ಮುಂದೆ ಗಂಡನೋ ಹೆಂಡತಿಯೋ ಬರುವ ತನಕ ಕಾಯುವ ಹೊತ್ತು, ದೊಡ್ಡ ಜಂಕ್ಷನ್‌ಗಳ ಎರಡು ನಿಮಿಷದ ಸಿಗ್ನಲ್. ಕೆನಡಾದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸ್ಟಾರ್ಟರು, ಬ್ಯಾಟರಿಗಳ ಸವೆತವನ್ನೂ ಗಣನೆಗೆ ತೆಗೆದುಕೊಂಡು, ಟ್ರಾಫಿಕ್ಕಿನಲ್ಲಿ ಬಿಟ್ಟು ಬೇರೆಡೆ 60 ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆಫ್ ಮಾಡಿ ಎಂದು ಜನರಿಗೆ ಹೇಳಿರುವುದರ ಹಿಂದೆಯೂ ಇದೇ ವಿವೇಕವಿದೆ. ಇಂಧನದ ಗಡಿ ಹತ್ತು. ಯಂತ್ರದ ಸವೆತವನ್ನೂ ಸೇರಿಸಿದ ಗಡಿ ಅದಕ್ಕಿಂತ ದೂರ.

ಆದರೆ ನಮ್ಮ ಊರಿನ ಎಲ್ಲ ಸಿಗ್ನಲ್‌ಗಳಲ್ಲೂ ಸೆಕೆಂಡ್ ಎಣಿಸುವ ಬೋರ್ಡು ಇರುವುದಿಲ್ಲ. ಕೆಂಪು ದೀಪ ಕಂಡಾಗ ಅದು ಈಗಷ್ಟೇ ಹತ್ತಿದ್ದೋ, ಇನ್ನೇನು ಹಸಿರಾಗುತ್ತದೋ ತಿಳಿಯದು. ಆಗ ಏನು ಮಾಡುವುದು? ಗಣಿತದವರಿಗೆ ಈ ಪ್ರಶ್ನೆ ಹಳೆಯದು. ಅವರು ಅದನ್ನು ಬಾಡಿಗೆಗೆ ತರುವುದೋ, ಕೊಳ್ಳುವುದೋ ಎಂಬ ಸಮಸ್ಯೆಯಾಗಿ ನೋಡುತ್ತಾರೆ. ಊರಿಗೆ ಬಂದವರು ಎಷ್ಟು ದಿನ ಇರುತ್ತಾರೆಂದು ಗೊತ್ತಿಲ್ಲದೆ ದಿನಬಾಡಿಗೆಗೆ ಸೈಕಲ್ ತರಬೇಕೋ, ಹೊಸದನ್ನೇ ಕೊಂಡುಬಿಡಬೇಕೋ ಎಂದು ಯೋಚಿಸಿದ ಹಾಗೆ. ಅವರು ಕಂಡುಕೊಂಡ ಉತ್ತರ: ಬಾಡಿಗೆ ಕೊಟ್ಟ ಹಣ ಸೈಕಲ್ಲಿನ ಬೆಲೆಯಷ್ಟಾಗುವ ತನಕ ಬಾಡಿಗೆಗೇ ತನ್ನಿ, ಆಮೇಲೆ ಕೊಂಡುಬಿಡಿ. ಹೀಗೆ ಮಾಡಿದರೆ ಎಂಥ ದುರದೃಷ್ಟದಲ್ಲೂ ಆಗಬಹುದಾಗಿದ್ದ ಕನಿಷ್ಠ ಖರ್ಚಿನ ಎರಡು ಪಟ್ಟು ದಾಟುವುದಿಲ್ಲ.

ಎಂಜಿನ್ನಿಗೆ ಅನ್ವಯಿಸಿದರೆ, ಎಣಿಕೆ ಕಾಣದ ಸಿಗ್ನಲ್‌ನಲ್ಲಿ ಹತ್ತು ಸೆಕೆಂಡ್ ಎಂಜಿನ್ ಓಡಲು ಬಿಡಿ. ಆಮೇಲೂ ಹಸಿರಾಗದಿದ್ದರೆ ಆಫ್ ಮಾಡಿ. ಆಫ್ ಮಾಡಿದ ಮರುಕ್ಷಣ ಹಸಿರು ಬಂತು ಎಂದೇ ಇಟ್ಟುಕೊಳ್ಳಿ, ಅದಕ್ಕಿಂತ ಕೆಟ್ಟದ್ದು ಬೇರೆಯಿಲ್ಲ. ನಿಮ್ಮ ಖರ್ಚು ಹತ್ತು ಸೆಕೆಂಡಿನ ಓಟ, ಜೊತೆಗೆ ಹತ್ತು ಸೆಕೆಂಡಿನ ಬೆಲೆಯ ಒಂದು ಸ್ಟಾರ್ಟ್: ಒಟ್ಟು ಇಪ್ಪತ್ತು. ಮುಂದಾಗುವುದೆಲ್ಲ ಮೊದಲೇ ತಿಳಿದಿದ್ದವರಿಗೂ ಹತ್ತು ತಗಲುತ್ತಿತ್ತು. ಸಿಗ್ನಲ್ ಹತ್ತು ಸೆಕೆಂಡಿನೊಳಗೆ ಬಿಟ್ಟರೆ ನಷ್ಟವೇ ಇಲ್ಲ. ಎರಡು ನಿಮಿಷ ಹಿಡಿದರೆ ಉಳಿತಾಯದ ಬಹುಪಾಲು ನಿಮ್ಮದೇ.

ಹೀರೋ ಕಂಪನಿ 2014ರಲ್ಲಿ ಸ್ಪ್ಲೆಂಡರ್ ಐಸ್ಮಾರ್ಟ್ ಬೈಕಿನಲ್ಲಿ ತಂದ ಐ3ಎಸ್ ವ್ಯವಸ್ಥೆ ನಡೆಯುವುದು ಇದೇ ದಾರಿಯಲ್ಲಿ. ಬೈಕು ನ್ಯೂಟ್ರಲ್‌ನಲ್ಲಿ ಕೆಲವು ಸೆಕೆಂಡ್ ನಿಂತಿದ್ದರೆ ಎಂಜಿನ್ ತಾನೇ ಆಫ್ ಆಗುತ್ತದೆ, ಕ್ಲಚ್ ಹಿಡಿದರೆ ಹತ್ತಿಕೊಳ್ಳುತ್ತದೆ. ಕಾರುಗಳ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಬೇರೆ ದಾರಿ ಹಿಡಿದಿದೆ. ಅದು ಕಾಯುವುದಿಲ್ಲ, ಗಾಡಿ ನಿಂತ ತಕ್ಷಣ ಆಫ್ ಮಾಡುತ್ತದೆ. ಸಣ್ಣ ನಿಲುಗಡೆಗಳಲ್ಲಿ ಕೆಲವು ಹನಿ ಹೋದರೂ ದೊಡ್ಡವುಗಳಲ್ಲಿ ಪೂರ್ತಿ ಲಾಭ ಸಿಗಲಿ ಎಂಬ ಲೆಕ್ಕಾಚಾರ ಅದರದ್ದು. ಅಂಥ ಕಾರುಗಳ ಸೆಲ್ಫ್ ಮೋಟರನ್ನೂ ಬ್ಯಾಟರಿಯನ್ನೂ ಮಾಮೂಲಿಗಿಂತ ಎಷ್ಟೋ ಹೆಚ್ಚು ಸ್ಟಾರ್ಟುಗಳನ್ನು ತಾಳುವಂತೆ ಮಾಡಿರುತ್ತಾರೆ. ಎಂಜಿನ್ ಬಿಸಿಯಾಗಿಲ್ಲದಿದ್ದರೆ, ಬ್ಯಾಟರಿ ಸೊರಗಿದ್ದರೆ, ಒಳಗೆ ಸೆಕೆ ಹೆಚ್ಚಿದ್ದರೆ ಆ ವ್ಯವಸ್ಥೆ ಆಫ್ ಮಾಡಲು ಒಪ್ಪುವುದೇ ಇಲ್ಲ. ಕೈಯಿಂದ ಆಫ್ ಮಾಡುವವರು ಗಮನಿಸಬೇಕಾದ ಸಂಗತಿಗಳೂ ಇವೇ.

ಎಂಜಿನ್ ತಣ್ಣಗಿದ್ದಾಗ ಮೇಲಿನ ಲೆಕ್ಕ ನಡೆಯುವುದಿಲ್ಲ. ಬೆಳಗ್ಗೆ ಮೊದಲ ಒಂದೆರಡು ಕಿಲೋಮೀಟರಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಪ್ರತಿ ಸ್ಟಾರ್ಟಿಗೂ ಹೆಚ್ಚು ಇಂಧನ ಬೀಳುತ್ತದೆ. ಹೊಗೆಯನ್ನು ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕೂಡ ಇನ್ನೂ ಕಾದಿರುವುದಿಲ್ಲ. ಆ ಹೊತ್ತಿನಲ್ಲಿ ಮೊದಲ ಸಿಗ್ನಲ್ ಸಿಕ್ಕರೆ ಎಂಜಿನ್ ಓಡಲಿ. ಹಾಗೆಂದು ಮನೆ ಮುಂದೆ ನಿಲ್ಲಿಸಿ ಐದು ನಿಮಿಷ ಬಿಸಿ ಮಾಡಬೇಕಿಲ್ಲ. ಅರ್ಧ ನಿಮಿಷ ಬಿಟ್ಟು ನಿಧಾನಕ್ಕೆ ಹೊರಟರೆ ಎಂಜಿನ್ ಓಡುತ್ತಲೇ ಬೇಗ ಬಿಸಿಯಾಗುತ್ತದೆ. ಟರ್ಬೊ ಇರುವ ಗಾಡಿಗೂ ಒಂದು ವಿನಾಯಿತಿ ಇದೆ. ಹೆದ್ದಾರಿಯಲ್ಲಿ ಜೋರಾಗಿ ಬಂದೋ, ಘಾಟಿ ಹತ್ತಿ ಬಂದೋ ಟೋಲಿನಲ್ಲಿ ನಿಂತ ಕೂಡಲೇ ಆಫ್ ಮಾಡಬಾರದು. ಕೆಂಪಗೆ ಕಾದ ಟರ್ಬೊದೊಳಗೆ ಆಯಿಲ್ ಹರಿಯುವುದು ನಿಂತರೆ ಅಲ್ಲೇ ಸುಟ್ಟು ಕರಿಯಾಗಿ ಗಟ್ಟಿಯಾಗುತ್ತದೆ. ಒಂದು ನಿಮಿಷ ಓಡಲು ಬಿಡುವ ಪೆಟ್ರೋಲಿಗಿಂತ ಟರ್ಬೊ ದುಬಾರಿ.

ಎಸಿಯ ಲೆಕ್ಕದಲ್ಲಿ ಒಂದು ತಿರುವಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಂಜಿನ್ ಆಫ್ ಮಾಡಿದರೆ ಕಾರಿನೊಳಗೆ ಶಾಖ ಏರುತ್ತದೆ, ಹೊರಟ ಮೇಲೆ ಕಂಪ್ರೆಸರ್ ಆ ಶಾಖವನ್ನು ಹೊರಹಾಕಲೇಬೇಕು. ಹಾಗಾಗಿ ಎಸಿ ಪಾಲಿನ ಉಳಿತಾಯದಲ್ಲಿ ಒಂದಿಷ್ಟು ಸಾಲವಷ್ಟೇ, ಮುಂದೆ ತೀರಿಸಬೇಕು. ಆದರೂ ನಿಂತು ಸುಡುವುದಕ್ಕಿಂತ ಇದು ವಾಸಿ; ಎಂಜಿನ್ ಓಟದಲ್ಲಿದ್ದಾಗ ಅದೇ ಕೆಲಸವನ್ನು ಕಡಿಮೆ ಇಂಧನದಲ್ಲಿ ಮಾಡುತ್ತದೆ. ಪುಟ್ಟ ಮಕ್ಕಳು, ವಯಸ್ಸಾದವರು ಒಳಗಿದ್ದರೆ ಪೆಟ್ರೋಲಿನ ಲೆಕ್ಕ ಬದಿಗಿಟ್ಟು ಎಸಿ ಓಡಿಸಬೇಕು.

ಆಫ್ ಮಾಡುವುದರಲ್ಲಿ ಅಪಾಯವೂ ಇದೆ, ಅದು ಚಲಿಸುತ್ತಿರುವ ಗಾಡಿಯಲ್ಲಿ. ಸಿಗ್ನಲ್ ದೂರದಿಂದ ಕಂಡ ಕೂಡಲೇ ಎಂಜಿನ್ ಆಫ್ ಮಾಡಿ ಉರುಳಿಕೊಂಡು ಬರುವವರಿದ್ದಾರೆ. ಕಾರಿನಲ್ಲಿ ಇದು ಪ್ರಾಣಕ್ಕೆ ಕುತ್ತು. ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಎಂಜಿನ್ನಿನ ಎಳೆತದಿಂದ ಕೆಲಸ ಮಾಡುತ್ತದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಆ ಬಲ ತೀರಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಭಾರವಾಗುತ್ತದೆ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಎಳೆದರೆ ಸ್ಟೀರಿಂಗ್ ಲಾಕೇ ಬೀಳಬಹುದು. ಗಾಡಿ ಪೂರ್ತಿ ನಿಂತು, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿದ ಮೇಲೆಯೇ ಆಫ್. ಇಳಿಜಾರಿನಲ್ಲಿ, ಸಾಲು ಎರಡೆರಡು ಅಡಿ ತೆವಳುತ್ತಿರುವ ಜಾಮ್‌ನಲ್ಲಿ ಆಫ್ ಮಾಡದಿರುವುದೇ ಸರಿ. ಅಲ್ಲಿ ಪ್ರತಿ ನಿಲುಗಡೆಯೂ ಹತ್ತು ಸೆಕೆಂಡಿನ ಆಸುಪಾಸಿನದ್ದು, ಉಳಿಯುವುದೇನೂ ಇಲ್ಲ.

ಇನ್ನು ಬ್ಯಾಟರಿ. ಸ್ಟಾರ್ಟ್-ಸ್ಟಾಪ್ ಇಲ್ಲದ ಕಾರಿನ ಮಾಮೂಲಿ ಬ್ಯಾಟರಿಗೆ ದಿನಕ್ಕೆ ಆರೇಳು ಹೆಚ್ಚುವರಿ ಸ್ಟಾರ್ಟ್ ದೊಡ್ಡ ಹೊರೆಯಲ್ಲ. ಆದರೆ ಪ್ರತಿದಿನ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿ, ರಾತ್ರಿ ದೀಪ ಹಾಕಿಕೊಂಡು ಸಿಗ್ನಲ್ ಸಿಗ್ನಲಿಗೂ ಆಫ್ ಮಾಡಿದರೆ ತುಂಬುವುದಕ್ಕಿಂತ ಖಾಲಿಯಾಗುವುದೇ ಹೆಚ್ಚಾಗುತ್ತದೆ. ಅದರ ಮುನ್ಸೂಚನೆ ಕಿವಿಗೇ ಸಿಗುತ್ತದೆ. ಸೆಲ್ಫ್ ಹೊಡೆದಾಗ ಚುರುಕಾಗಿ ಹಿಡಿಯುತ್ತಿದ್ದ ಎಂಜಿನ್ ಎಳೆದೆಳೆದು ತಿರುಗಲು ಶುರುಮಾಡಿದರೆ, ಆ ಕ್ಷಣದಲ್ಲಿ ಮೀಟರಿನ ದೀಪಗಳು ಮಂಕಾದರೆ, ಸಿಗ್ನಲ್‌ನಲ್ಲಿ ಆಫ್ ಮಾಡುವುದನ್ನು ನಿಲ್ಲಿಸಿ ಬ್ಯಾಟರಿ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿಸಿ. ಎಂಜಿನ್ ಆಫ್ ಆಗಿ ಕೆಲವು ಗಂಟೆ ಕಳೆದ ಮೇಲೆ ವೋಲ್ಟ್ ಮೀಟರ್ ಹಿಡಿದರೆ ಚೆನ್ನಾಗಿ ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. 12.2ರ ಕೆಳಗಿದ್ದರೆ ಅದು ಅರ್ಧದಷ್ಟೂ ತುಂಬಿಲ್ಲ ಎಂದರ್ಥ.